ಬಿಜಿವಿ ವರದಿಯ ಒಂದು ತಪ್ಪು ಪದ, ಆರೂವರೆ ಲಕ್ಷ ಪರಿಹಾರ: ನನ್ನ ಅನುಭವ

ಬಿಜಿವಿ ಅಂದರೆ ಹೊಸ ಕಂಪನಿ ಕೆಲಸಕ್ಕೆ ತೆಗೆದುಕೊಳ್ಳುವ ಮುನ್ನ ಮಾಡಿಸುವ ಹಿನ್ನೆಲೆ ಪರಿಶೀಲನೆ. ಅದರಲ್ಲಿ ಹಳೆಯ ಕಂಪನಿ ಕೊಟ್ಟ ತಪ್ಪು ಉತ್ತರದ ಮೇಲೆ ನಿರ್ಲಕ್ಷ್ಯದ ದಾವೆ ಹಾಕುತ್ತೇನೆ ಅಂದಾಗ ಬಾರ್ ರೂಮಿನಲ್ಲಿ ನಕ್ಕವರೇ ಹೆಚ್ಚು. "ಮಾನನಷ್ಟ ಹಾಕಪ್ಪ, ಅದೇ ದಾರಿ. ಇಂಗ್ಲೆಂಡಿನ ತೀರ್ಪು ಹಿಡ್ಕೊಂಡು ಸಿಟಿ ಸಿವಿಲ್ ಕೋರ್ಟಿಗೆ ಹೋಗ್ತೀಯಾ?" ಅಂದರು ನಮ್ಮ ಸೀನಿಯರ್. ಹೋದೆ. ಈಗ ದುಡ್ಡು ಬಂದಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಮಾನನಷ್ಟದಲ್ಲಿ ನನಗೆ ಮೊದಲೇ ಎರಡು ಸಲ ಪೆಟ್ಟು ಬಿದ್ದಿತ್ತು. ಒಂದು ಖಾಸಗಿ ದೂರು, ಐಪಿಸಿ 499ರ ಒಂಬತ್ತನೇ ವಿನಾಯಿತಿಗೆ ಬಲಿಯಾಯಿತು. ಕೇಳಿದವರಿಗೆ ಸದುದ್ದೇಶದಿಂದ ಹೇಳಿದ್ದೇವೆ ಅಂದರು, ದುರುದ್ದೇಶ ನಾನು ತೋರಿಸಲಾಗಲಿಲ್ಲ. ಇನ್ನೊಂದು ಸಿವಿಲ್ ದಾವೆ. ಕಕ್ಷಿದಾರ ನನ್ನ ಹತ್ತಿರ ಬರುವಷ್ಟರಲ್ಲಿ ಹದಿನಾಲ್ಕು ತಿಂಗಳಾಗಿತ್ತು. ಮಾನನಷ್ಟಕ್ಕೆ ಕಾಲಮಿತಿ ಒಂದೇ ವರ್ಷ, ಕಥೆ ಮುಗಿಯಿತು. ಕಾಲಮಿತಿ ಕಾಯ್ದೆಯಲ್ಲಿ ನಿರ್ಲಕ್ಷ್ಯಕ್ಕೆ ಪ್ರತ್ಯೇಕ ಕಲಂ ಇಲ್ಲ. ಹಾಗಾಗಿ 113ನೇ ಕಲಂನಡಿ ಮೂರು ವರ್ಷ ಅಂತ ವಾದಿಸಬಹುದು, ದುರುದ್ದೇಶವನ್ನು ಸಾಬೀತು ಮಾಡುವ ಹೊರೆಯೂ ಇಲ್ಲ. ಇಷ್ಟು ಹೊಳೆಯಲು ನನಗೆ ಎರಡು ಸೋಲು ಬೇಕಾದವು.

ಈ ಕೇಸಿನ ಹುಡುಗ ಸಾಫ್ಟ್‌ವೇರ್ ಟೆಸ್ಟರ್. ನಾಲ್ಕು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕೆಲಸ ಮಾಡಿ ರಾಜೀನಾಮೆ ಕೊಟ್ಟ. ನೋಟಿಸ್ ಅವಧಿ 90 ದಿನ, ಅದರಲ್ಲಿ 58 ದಿನ ದುಡಿದ, ಉಳಿದದ್ದಕ್ಕೆ ಸಂಬಳ ಕಟ್ಟಿ ಬಿಡಿಸಿಕೊಂಡ. ಕೊನೆಯ ಲೆಕ್ಕ ಚುಕ್ತಾ ಮಾಡುವ ಎಫ್‌ಎನ್‌ಎಫ್‌ನಲ್ಲಿ ಒಂದು ಲಕ್ಷ ಚಿಲ್ಲರೆ ಮುರಿದುಕೊಂಡರು, ರಿಲೀವಿಂಗ್ ಲೆಟರ್ ಕೊಟ್ಟರು, ಪಿಎಫ್‌ನಲ್ಲಿ ನಿರ್ಗಮನದ ದಿನಾಂಕವನ್ನೂ ಹಾಕಿದರು. ಎಲ್ಲಾ ಸರಿ. ಹೊಸ ಕಂಪನಿ ವರ್ಷಕ್ಕೆ 18 ಲಕ್ಷದ ಆಫರ್ ಕೊಟ್ಟಿತ್ತು. ಪರಿಶೀಲನಾ ಏಜೆನ್ಸಿ ಹಳೆಯ ಕಂಪನಿಗೆ ಕೇಳಿದಾಗ ಬಂದ ಉತ್ತರ: "ಅಬ್‌ಸ್ಕಾಂಡೆಡ್. ಮರುನೇಮಕಕ್ಕೆ ಅರ್ಹರಲ್ಲ." ಹೇಳದೆ ಕೇಳದೆ ಕೆಲಸ ಬಿಟ್ಟು ಓಡಿಹೋದ ಅಂತ ಅರ್ಥ. ವರದಿ ಕೆಂಪು, ಆಫರ್ ವಾಪಸ್. ಐದು ತಿಂಗಳು ಮನೆಯಲ್ಲಿ ಕೂತು, ಕೊನೆಗೆ 14 ಲಕ್ಷಕ್ಕೆ ಬೇರೆ ಕಡೆ ಸೇರಿದ. ನನ್ನ ಹತ್ತಿರ ಬಂದಾಗ ಹದಿಮೂರು ತಿಂಗಳು, ದಾವೆ ಹಾಕುವಾಗ ಹದಿನಾರು.

ನಡುವಿನ ಮೂರು ತಿಂಗಳನ್ನು ವ್ಯರ್ಥ ಮಾಡಲಿಲ್ಲ. ಹಿಂದೆ ನಾನು ನೇರ ಪರಿಹಾರ ಕೇಳುವ ಉಗ್ರ ನೋಟಿಸ್ ಕಳಿಸಿ ಕೆಟ್ಟಿದ್ದೆ, ಎದುರಿನವರು ವಕೀಲರನ್ನಿಟ್ಟು ಬಾಯಿ ಮುಚ್ಚಿಕೊಂಡಿದ್ದರು. ಈ ಸಲ ದುಡ್ಡಿನ ಮಾತೇ ಇಲ್ಲದ ಎರಡು ಪುಟದ ಕಾಗದ. ರಿಲೀವಿಂಗ್ ಲೆಟರ್, ಎಫ್‌ಎನ್‌ಎಫ್ ಮೇಲ್, ಪಿಎಫ್ ಸೇವಾ ವಿವರ ಲಗತ್ತಿಸಿ, "15 ದಿನದಲ್ಲಿ ದಾಖಲೆ ಸರಿಪಡಿಸಿ, ಏಜೆನ್ಸಿಗೂ ತಿಳಿಸಿ" ಅಂತ ಕೇಳಿದೆ. ಸರಿಪಡಿಸಿದ್ದರೆ ನನ್ನ ಕೇಸ್ ಅರ್ಧ ಬಿದ್ದುಹೋಗುತ್ತಿತ್ತು. ಅವರು ಕಾಗದ ತೆರೆದೇ ನೋಡಲಿಲ್ಲ. ಅದಾಗಿ ಸ್ವಲ್ಪ ದಿನಕ್ಕೆ ಏಜೆನ್ಸಿ ಮರುಪರಿಶೀಲನೆಗೆ ಕೇಳಿದಾಗಲೂ ಅದೇ ಪದ ಹೇಳಿದರು. ಮೊದಲನೆಯದು ಕಣ್ತಪ್ಪು ಅನ್ನಬಹುದು. ದಾಖಲೆ ಕೈಗೆ ಕೊಟ್ಟ ಮೇಲೂ ಅದೇ ಮಾತು ಬಂದರೆ ನಿರ್ಲಕ್ಷ್ಯ ಅನ್ನದೆ ಇನ್ನೇನು?

ವಾದಪತ್ರಕ್ಕೆ ಬೆನ್ನೆಲುಬು ಇಂಗ್ಲೆಂಡಿನ 1994ರ ಸ್ಪ್ರಿಂಗ್ ತೀರ್ಪು. ಅಲ್ಲಿಯೂ ದುರುದ್ದೇಶ ಸಾಬೀತಾಗದೆ ಮಾನನಷ್ಟದ ದಾರಿ ಮುಚ್ಚಿತ್ತು. ಆದರೂ ರೆಫರೆನ್ಸ್ ಬರೆಯುವಾಗ ಮಾಲೀಕ ತನ್ನ ಹಳೆಯ ನೌಕರನ ಬಗ್ಗೆ ಎಚ್ಚರ ವಹಿಸಬೇಕು ಅಂತ ಆಗ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತು. ನಮ್ಮ ಕೋರ್ಟಿಗೆ ಅದು ಬದ್ಧವಲ್ಲ, ಮನವೊಲಿಸುವಷ್ಟೇ ಬೆಲೆ. ಪ್ರತಿವಾದಿಗಳು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7 ನಿಯಮ 11ರಡಿ ವಾದಪತ್ರವನ್ನೇ ತಿರಸ್ಕರಿಸಿ ಅಂತ ಅರ್ಜಿ ಹಾಕಿದರು, ಅದು ವಜಾ ಆಯಿತು. ಆವತ್ತು ಸೀನಿಯರ್ ಕ್ಯಾಂಟೀನಿನಲ್ಲಿ ಕಾಫಿ ಕುಡಿಸಿದರು, ಬೇರೇನೂ ಹೇಳಲಿಲ್ಲ.

ಅವರ ಮುಂದಿನ ಅಸ್ತ್ರ ಏಜೆನ್ಸಿಗೆ ಕಳಿಸಿದ ಇಮೇಲಿನ ಹೊಣೆ ನಿರಾಕರಣೆಯ ಸಾಲು: "ಈ ಮಾಹಿತಿಗೆ ನಾವು ಹೊಣೆಯಲ್ಲ." 1963ರ ಇಂಗ್ಲಿಷ್ ಮೊಕದ್ದಮೆ ಹೆಡ್ಲಿ ಬರ್ನ್‌ನಲ್ಲಿ ಬ್ಯಾಂಕು ಇಂಥದೇ ಸಾಲಿನಿಂದ ಪಾರಾಗಿದ್ದು ನಿಜ. ಆದರೆ ಅಲ್ಲಿ ದಾವೆ ಹಾಕಿದ್ದು ಮಾಹಿತಿ ಕೇಳಿ ಪಡೆದವರು. ನನ್ನ ಹುಡುಗ ಆ ಮೇಲನ್ನು ಕಂಡವನೇ ಅಲ್ಲ, ಅವನು ಯಾವ ಷರತ್ತಿಗೆ ಒಪ್ಪಿದ್ದ? ಈ ಒಂದು ಮಾತನ್ನೇ ಹಿಡಿದು ಕೂತೆ.

ನಿಜವಾದ ಬೇಟೆ ನಡೆದದ್ದು ಅದೇ ಸಂಹಿತೆಯ ಆದೇಶ 11ರಲ್ಲಿ, ಎದುರಿನವರಿಂದ ಉತ್ತರ ಮತ್ತು ದಾಖಲೆ ಹೊರತೆಗೆಸುವ ಹಂತದಲ್ಲಿ. ಪ್ರಶ್ನಾವಳಿಯಲ್ಲಿ ಒಂದೇ ಮುಖ್ಯ ಪ್ರಶ್ನೆ: ಉತ್ತರ ಕೊಡುವಾಗ ಯಾವ ದಾಖಲೆ ತೆರೆದು ನೋಡಿದಿರಿ? ಜೊತೆಗೆ ಎಚ್‌ಆರ್ ಸಾಫ್ಟ್‌ವೇರಿನ ಲಾಗ್ ಹಾಜರುಪಡಿಸಲು ಅರ್ಜಿ. ವಿದ್ಯುನ್ಮಾನ ದಾಖಲೆಯ ಪ್ರಮಾಣಪತ್ರ (ಆಗ ಸಾಕ್ಷ್ಯ ಕಾಯ್ದೆಯ 65ಬಿ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63) ಅವರಿಂದಲೇ ಬಂದದ್ದರಿಂದ ನನಗೆ ಆ ತಲೆನೋವಿರಲಿಲ್ಲ. ಲಾಗ್ ನೋಡಿ ನಾನೇ ನಕ್ಕೆ. ನಿರ್ಗಮನದ ಕಾರಣ ತುಂಬುವ ಪಟ್ಟಿಯಲ್ಲಿ "ನೋಟಿಸ್ ಹಣ ಕಟ್ಟಿ ಬಿಡುಗಡೆ" ಅನ್ನೋ ಆಯ್ಕೆಯೇ ಇರಲಿಲ್ಲ. ಕೊನೆಯ ದಿನ 90ಕ್ಕಿಂತ ಮೊದಲು ಬಂದವರನ್ನೆಲ್ಲ ಯಾರೋ ಒಂದೇ ಎಕ್ಸೆಲ್ ಹಾಳೆಯಲ್ಲಿ ಎತ್ತಿ ಅಬ್‌ಸ್ಕಾಂಡ್ ಕೋಡ್ ಹಾಕಿ ಅಪ್‌ಲೋಡ್ ಮಾಡಿದ್ದರು. ಪಾಟೀಸವಾಲಿನಲ್ಲಿ, ಏಜೆನ್ಸಿಗೆ ಉತ್ತರ ಕೊಟ್ಟಿದ್ದ ಎಕ್ಸಿಕ್ಯುಟಿವ್ ಪಾಪ, "ಸ್ಕ್ರೀನಲ್ಲಿ ಇದ್ದದ್ದನ್ನ ಹೇಳಿದೆ ಸರ್" ಅಂದ. "ರಿಲೀವಿಂಗ್ ಲೆಟರ್ ಎಲ್ಲಿರುತ್ತೆ?" "ಪಕ್ಕದ ಟ್ಯಾಬಲ್ಲಿ ಸರ್." "ತೆರೆದಿರಾ?" "ಇಲ್ಲ." ಅಲ್ಲಿಗೆ ಕೂತೆ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಕೆಡಿಸಿಕೊಳ್ಳುತ್ತಿದ್ದೆ.

ಬೆವರು ಇಳಿದದ್ದು ಕಾರಣ-ಪರಿಣಾಮದಲ್ಲಿ. ಆಫರ್ ಹಿಂಪಡೆದ ಇಮೇಲಿನಲ್ಲಿ ಕಾರಣವೇ ಇರಲಿಲ್ಲ. ಹೊಸ ಕಂಪನಿಯ ಎಚ್‌ಆರ್ ಮೇಡಂ ಬಂದು "ಕೆಂಪು ವರದಿಯಿಂದಲೇ ಬೇಡ ಅಂದೆವು" ಅಂತ ಹೇಳದಿದ್ದರೆ ದಾವೆ ಅಲ್ಲೇ ಸತ್ತಂತೆ. ಸಮನ್ಸ್ ತೆಗೆಸಿದೆ, ಸರಿ. ಆದರೆ ಅವರು ಬೇಸರವಿಲ್ಲದೆ ಬಂದು, ವರದಿಯ ಪ್ರತಿ ಜೊತೆಗೇ ತಂದದ್ದು ಹೇಗೆ ಅನ್ನೋದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯೋದಿಲ್ಲ.

ಲೆಕ್ಕ ಹೀಗಿತ್ತು: ಐದು ತಿಂಗಳ ಸಂಬಳ ಏಳೂವರೆ ಲಕ್ಷ, ಮೊದಲ ವರ್ಷದ ವ್ಯತ್ಯಾಸ ನಾಲ್ಕು ಲಕ್ಷ, ಒಟ್ಟು ಹನ್ನೊಂದೂವರೆ. ಕೋರ್ಟ್ ಶುಲ್ಕವೇ ಎಪ್ಪತ್ತು ಸಾವಿರದ ಆಸುಪಾಸು. ಹುಡುಗನ ಅಪ್ಪ ಹಸು ಮಾರಿ ಕೊಟ್ಟರು ಅಂತ ಆಮೇಲೆ ಗೊತ್ತಾಯಿತು. ಮಾನಸಿಕ ಯಾತನೆಗೆ ಐವತ್ತು ಲಕ್ಷ ಹಾಕೋಣ ಅಂತ ಜೂನಿಯರ್ ಹಾರಾಡಿದ. ಅದರ ಶುಲ್ಕ ಯಾರು ಕಟ್ಟುತ್ತಾರೆ? ಖಾಲಿ ಕೂತ ಐದು ತಿಂಗಳಲ್ಲಿ ಹುಡುಗ ಹಾಕಿದ ಅರವತ್ತೋ ಎಪ್ಪತ್ತೋ ಅರ್ಜಿಗಳ ಮೇಲ್‌ಗಳನ್ನು ಮಾತ್ರ ತಪ್ಪದೆ ಸಾಕ್ಷ್ಯವಾಗಿ ನಿಶಾನೆ ಮಾಡಿಸಿದೆ, ಇಲ್ಲದಿದ್ದರೆ ಸುಮ್ಮನೆ ಕೂತಿದ್ದ ಅಂದುಬಿಡುತ್ತಿದ್ದರು.

ಮಧ್ಯೆ ಇದೇ ಕಾಗದದ ಉಪಾಯವನ್ನು ಗಲ್ಫ್‌ಗೆ ಹೊರಟ ಮಂಗಳೂರಿನ ಒಬ್ಬ ನರ್ಸಮ್ಮನ ಕೇಸಿನಲ್ಲಿ ಪ್ರಯೋಗಿಸಿದೆ. ಆಸ್ಪತ್ರೆಯವರು ಸೇವಾವಧಿಯನ್ನು ಎಂಟು ತಿಂಗಳು ಕಡಿಮೆ ಬರೆದಿದ್ದರು. ಹತ್ತು ದಿನದಲ್ಲಿ ತಿದ್ದಿಕೊಟ್ಟರು, ನನಗೆ ಸಿಕ್ಕಿದ್ದು ಮೂರು ಸಾವಿರ ಮತ್ತು ಒಂದು ಡಬ್ಬ ಬಿಸ್ಕತ್ತು. ಇನ್ನೊಬ್ಬ ಬಂದ, ಶಿಸ್ತು ವಿಚಾರಣೆ ನಡುವೆ ರಾಜೀನಾಮೆ ಕೊಟ್ಟವನು. ವರದಿಯಲ್ಲಿ ಅದನ್ನೇ, ಇದ್ದದ್ದು ಇದ್ದ ಹಾಗೆ ಬರೆದಿದ್ದರು. ಅವನ ಫೈಲ್ ವಾಪಸ್ ಕೊಟ್ಟೆ. ನಿಜವಾದ, ಒಟ್ಟಾರೆ ದಾರಿ ತಪ್ಪಿಸದ ಮಾತಿನ ಮೇಲೆ, ಅದು ಎಷ್ಟೇ ಕಹಿಯಾಗಿದ್ದರೂ, ಈ ಥರದ ದಾವೆ ಊರ್ಜಿತವಾಗೋದಿಲ್ಲ.

ಪಾಟೀಸವಾಲು ಮುಗಿದ ವಾರದಲ್ಲೇ ಅವರ ವಕೀಲರು ಮಧ್ಯಸ್ಥಿಕೆಗೆ ಹೋಗೋಣ ಅಂದರು. ಎರಡು ಬೈಠಕ್, ಆರೂವರೆ ಲಕ್ಷ. ತೀರ್ಪಲ್ಲ, ಹಾಗಾಗಿ ಯಾರೂ ಇದನ್ನು ಸೈಟೇಷನ್ ಅಂತ ತೋರಿಸಲಾಗದು. ಕೋರ್ಟ್ ಶುಲ್ಕದಲ್ಲಿ ಒಂದು ಪಾಲು ವಾಪಸ್ ಬಂತು. ದುಡ್ಡಿಗಿಂತ ಹೆಚ್ಚು ಹೊತ್ತು ಜಗ್ಗಾಡಿದ್ದು ಒಂದು ಷರತ್ತಿಗೆ: ತಿದ್ದಿದ ಉತ್ತರ ಹುಡುಗನ ಕೈಗಷ್ಟೇ ಅಲ್ಲ, ಏಜೆನ್ಸಿಗೂ ಹೋಗಬೇಕು, ಸಾಫ್ಟ್‌ವೇರಿನಲ್ಲೂ ಕೋಡ್ ಬದಲಾಗಬೇಕು. ಬದಲಾದ ಸ್ಕ್ರೀನಿನ ಮುದ್ರಿತ ಪ್ರತಿ ಕೈಗೆ ಬಂದ ಮೇಲೆಯೇ ರಾಜಿ ಅರ್ಜಿಗೆ ಸಹಿ ಹಾಕಿಸಿದೆ.