ಗ್ಯಾಸ್ಟ್ರೋಪರೆಸಿಸ್ ಇದ್ದ ಸಕ್ಕರೆ ಕಾಯಿಲೆಯ ಅಮ್ಮನಿಗೆ ಊಟ ಬದಲಿಸಿದ್ದು: ನನ್ನ ಅನುಭವ

ಸಕ್ಕರೆ ಕಾಯಿಲೆಯವರಿಗೆ ಡಯೆಟಿಷಿಯನ್ ಆಗಿ ನಾನು ದಿನಾ ಹೇಳುವ ಮಾತು ಒಂದೇ: ಸೊಪ್ಪು ಜಾಸ್ತಿ ತಿನ್ನಿ, ಕಾಳು ತಿನ್ನಿ, ಹಸಿ ತರಕಾರಿ ಇರಲಿ, ಅನ್ನ ಇಳಿಸಿ ಮುದ್ದೆ ಇಟ್ಟುಕೊಳ್ಳಿ. ಅದೇ ರೋಗಿಗೆ ಗ್ಯಾಸ್ಟ್ರೋಪರೆಸಿಸ್, ಅಂದರೆ ಹೊಟ್ಟೆ ಬಹಳ ನಿಧಾನವಾಗಿ ಖಾಲಿಯಾಗುವ ತೊಂದರೆ, ಬಂದರೆ ಈ ಮಾತಿನಲ್ಲಿ ಮುಕ್ಕಾಲು ಪಾಲು ತಿರುಗಿಸಿ ಹೇಳಬೇಕಾಗುತ್ತದೆ. ಯಾಕೆ ತಿರುಗಿಸಿದೆವು ಎಂಬುದನ್ನು ಬರೆದಿಡದಿದ್ದರೆ ಮುಂದೆ ನೋಡುವವರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಮತ್ತೆ ಹಳೆಯ ದಾರಿಗೆ ತರುತ್ತಾರೆ.

ಮಂಡ್ಯ ಕಡೆಯ ಒಬ್ಬ ಅಮ್ಮ, ಐವತ್ತು ದಾಟಿದವರು. ಹದಿನೇಳು ವರ್ಷದಿಂದ ಸಕ್ಕರೆ, ಆರು ವರ್ಷದಿಂದ ಇನ್ಸುಲಿನ್. "ಎರಡು ತುತ್ತು ಉಂಡ್ರೆ ಸಾಕು ಮೇಡಂ, ಎದೆ ಮಟ್ಟ ನಿಂತ್ಕತದೆ" ಅಂದರು. ರಾತ್ರಿ ಉಂಡ ಅವರೆಕಾಳಿನ ಸಿಪ್ಪೆ ಬೆಳಗ್ಗೆ ವಾಂತಿಯಲ್ಲಿ ಹಾಗೇ ಕಾಣಿಸುತ್ತಿತ್ತು. ಆರು ತಿಂಗಳಲ್ಲಿ ತೂಕ 56ರಿಂದ 52 ಕೆಜಿಗೆ ಇಳಿದಿತ್ತು. ಡಾಕ್ಟರು ಮೊದಲು ಎಂಡೋಸ್ಕೋಪಿ ಮಾಡಿಸಿದರು. ದಾರಿಯಲ್ಲಿ ಎಲ್ಲೂ ಅಡ್ಡಿ ಇರಲಿಲ್ಲ, ಆದರೆ ರಾತ್ರಿಯಿಡೀ ಉಪವಾಸ ಇದ್ದರೂ ಹೊಟ್ಟೆಯಲ್ಲಿ ಊಟ ಉಳಿದಿತ್ತು. ಆಮೇಲೆ ಹೊಟ್ಟೆ ಖಾಲಿಯಾಗುವ ವೇಗ ನೋಡುವ ಸ್ಕ್ಯಾನ್ ಆಯಿತು. ನಾಲ್ಕು ಗಂಟೆಯ ನಂತರ ಊಟದ 10%ಗಿಂತ ಹೆಚ್ಚು ಹೊಟ್ಟೆಯಲ್ಲೇ ಉಳಿದರೆ ನಿಧಾನ ಎಂದು ಲೆಕ್ಕ. ಇವರದು ಅದಕ್ಕಿಂತ ಬಹಳ ಮೇಲಿತ್ತು. ಹೊಟ್ಟೆಯನ್ನು ಕುಲುಕಿಸಿ ಅರೆಯುವ ವೇಗಸ್ ನರ ಬಹಳ ವರ್ಷದ ಸಕ್ಕರೆಯಿಂದ ಸೊರಗಿತ್ತು.

ಅವರ ಸಕ್ಕರೆ ಪುಸ್ತಕದಲ್ಲೂ ಇದರ ಗುರುತು ಇತ್ತು. ಊಟಕ್ಕೆ ಮುಂಚೆ ಇನ್ಸುಲಿನ್ ಹಾಕಿಕೊಂಡರೆ ಊಟವಾದ ಎರಡು ಗಂಟೆಗೆ ಸಕ್ಕರೆ 70ರ ಆಸುಪಾಸು, ಐದು ಗಂಟೆಗೆ 280. ಇನ್ಸುಲಿನ್ ಕೆಲಸ ಮಾಡುವ ಹೊತ್ತಿಗೆ ಊಟ ಇನ್ನೂ ಹೊಟ್ಟೆಯಲ್ಲೇ ಕೂತಿರುತ್ತಿತ್ತು. ಊಟ ಕರುಳಿಗೆ ಇಳಿಯುವ ಹೊತ್ತಿಗೆ ಇನ್ಸುಲಿನ್ ಮುಗಿದಿರುತ್ತಿತ್ತು. ಎರಡು ಗಂಟೆಯ ಅಂಕಿ ಒಂದನ್ನೇ ನೋಡಿದರೆ ಎಲ್ಲ ಚೆನ್ನಾಗಿದೆ ಅನಿಸುತ್ತದೆ. ಹಾಗಾಗಿ ನಾಲ್ಕು-ಐದು ಗಂಟೆಯದ್ದನ್ನೂ ನೋಡಲು ಹೇಳುತ್ತೇನೆ. ಇನ್ಸುಲಿನ್‌ ಹೊತ್ತನ್ನು ಬದಲಿಸುವುದು ಡಾಕ್ಟರ ಕೆಲಸ. ಈ ಪುಸ್ತಕ ನೋಡಿ ಅವರು ಊಟ ಒಳಗೆ ನಿಂತಿದೆ ಎಂದು ಖಾತ್ರಿಯಾದ ಮೇಲೆ, ಅಂದರೆ ಊಟದ ನಂತರ, ಹಾಕಿಕೊಳ್ಳುವಂತೆ ಬರೆದುಕೊಟ್ಟರು. ಸಕ್ಕರೆ ಕುಸಿದರೆ ಬಿಸ್ಕತ್ತು ಬೇಡ, ನೀರಲ್ಲಿ ಕದಡಿದ ಗ್ಲೂಕೋಸ್ ಕುಡಿಯಿರಿ ಎಂದು ನಾನು ಅವರ ಮಗಳಿಗೆ ಬಿಡಿಸಿ ಹೇಳಿದೆ.

ಊಟದ ಅಳತೆಯಿಂದ ಶುರು ಮಾಡಿದೆ. ಮೂರು ಹೊತ್ತಿನ ಊಟವನ್ನು ಆರಾಗಿ ಒಡೆದೆವು. ಅವರ ಮನೆಯಲ್ಲಿದ್ದ ಒಂದು ಸ್ಟೀಲ್ ಬಟ್ಟಲಿಗೆ ನೀರು ಹಾಕಿ ಅಳೆದಾಗ ಸುಮಾರು 250 ಮಿಲಿ ಹಿಡಿಯಿತು. ಒಂದು ಹೊತ್ತಿಗೆ ಆ ಬಟ್ಟಲು ತುಂಬುವಷ್ಟೇ, ಸಾರೂ ಅದರೊಳಗೇ. ನೀರನ್ನು ಊಟದ ಜೊತೆ ಗಟಗಟ ಕುಡಿಯದೆ ನಡುನಡುವೆ ಗುಟುಕು ಗುಟುಕಾಗಿ. ಕೊನೆಯ ಬಟ್ಟಲು ಸಂಜೆ ಏಳೂವರೆಗೆ, ಮಲಗುವುದು ಹತ್ತಕ್ಕೆ. ಉಂಡ ಮೇಲೆ ಒರಗದೆ ಅಂಗಳದಲ್ಲಿ ಸ್ವಲ್ಪ ಓಡಾಡಲಿ ಅಂದೆ. ಗಟ್ಟಿ ಪದಾರ್ಥ ಬೆಳಗ್ಗೆ ಹೆಚ್ಚು, ಸಂಜೆಗೆ ನೀರು ನೀರಾದದ್ದು. ಅವರಿಗೆ ಹೊತ್ತು ಇಳಿದಂತೆ ಹೊಟ್ಟೆ ಭಾರ ಏರುತ್ತಿತ್ತು, ಅದಕ್ಕೆ ಹೀಗೆ.

ನಾರಿನ ವಿಷಯದಲ್ಲೇ ನನಗೆ ಹೆಚ್ಚು ಹೊತ್ತು ಹಿಡಿದದ್ದು. ನಾರು ಹೊಟ್ಟೆಯಲ್ಲಿ ಪುಡಿಯಾಗುವುದು ಕಷ್ಟ, ಹೊರಗೆ ಹೋಗದೆ ಕೂತರೆ ಗಂಟು ಕಟ್ಟಿಕೊಳ್ಳಲೂಬಹುದು. ಅವರು ದಿನಾ ಬೆಳಗ್ಗೆ ನೆನೆಸಿದ ಮೆಂತ್ಯ ನುಂಗುತ್ತಿದ್ದರು. ಮೆಂತ್ಯ ನೆಂದು ಲೋಳೆಯಾಗುತ್ತದೆ, ಆ ಲೋಳೆ ಹೊಟ್ಟೆಯ ವೇಗವನ್ನು ಇನ್ನೂ ತಗ್ಗಿಸುತ್ತದೆ. ಬೇರೆಯವರಿಗೆ ಸಕ್ಕರೆ ನಿಧಾನವಾಗಿ ಏರಲು ಇದೇ ಗುಣ ಸಹಾಯಕ. ಇವರಿಗೆ ಅದನ್ನೇ ಮೊದಲು ನಿಲ್ಲಿಸಿದೆ. ಹಿಂದೆಯೇ ಸೊಪ್ಪು, ಮೂಲಂಗಿ, ಹುರುಳಿಕಾಯಿ, ಸಿಪ್ಪೆ ಇರುವ ಕಾಳುಗಳೂ ಹೋದವು.

ಮುದ್ದೆ ಬಿಡಿ ಅಂದಾಗ ಅವರು ಸುಮ್ಮನೆ ಕೂತುಬಿಟ್ಟರು. ಮುದ್ದೆ ಇಲ್ಲದ್ದನ್ನು ಅವರು ಊಟ ಅಂತಲೇ ಎಣಿಸುವವರಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ, ಬಿಳಿ ಅಕ್ಕಿಯಲ್ಲಿ ಮೂರಕ್ಕಿಂತ ಕಡಿಮೆ. ಆದರೆ ಕೂಸಿಗೆ ರಾಗಿ ಸರಿ ಮಾಡುವ ರೀತಿ ಮಂಡ್ಯದ ಮನೆಯವರಿಗೆ ನಾನು ಕಲಿಸಬೇಕಿಲ್ಲ. ರಾಗಿ ನೆನೆಸಿ, ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ, ಹಿಪ್ಪೆ ಎಸೆದು, ಆ ಹಾಲನ್ನು ಕುದಿಸಿ ತೆಳ್ಳಗೆ ಮಾಡಿದರು. ರಾಗಿಯ ರುಚಿ ಉಳಿಯಿತು, ಸಿಪ್ಪೆಯ ನಾರು ಬಟ್ಟೆಯಲ್ಲೇ ಉಳಿಯಿತು. ಅವರೆಕಾಳಿನ ಬದಲು ಹಿತಕಿದ ಬೇಳೆ, ಅದನ್ನೂ ಬೇಯಿಸಿ ಅರೆದು, ವಾರಕ್ಕೊಮ್ಮೆ. ಸೋರೆಕಾಯಿ, ಸಿಹಿಗುಂಬಳ ಸಿಪ್ಪೆ-ಬೀಜ ತೆಗೆದು ಕುಕ್ಕರಿನಲ್ಲಿ. ನುಣ್ಣಗಾಯಿತೇ ಎಂದು ನೋಡಲು ನಾನು ಹೇಳಿದ್ದು ಇಷ್ಟು: ಎರಡು ಬೆರಳಲ್ಲಿ ಹಿಚುಕಿ, ಉಂಡೆ ಉಂಡೆ ಸಿಗದೆ ಜಾರಿ ಹೋಗಬೇಕು. ಗಟ್ಟಿ ಪದಾರ್ಥವನ್ನು ಸಣ್ಣ ಕಣವಾಗುವಷ್ಟು ಮೆತ್ತಗೆ ಮಾಡುವುದು ಸಕ್ಕರೆಯಿಂದ ಬಂದ ಗ್ಯಾಸ್ಟ್ರೋಪರೆಸಿಸ್‌ನಲ್ಲಿ ವಾಕರಿಕೆ, ವಾಂತಿ ಇಳಿಸುತ್ತದೆ ಎಂದು ಪರೀಕ್ಷೆಯಲ್ಲಿ ಕಂಡಿದೆ.

ಕೊಬ್ಬೂ ಹೊಟ್ಟೆಯನ್ನು ತಡೆಯುತ್ತದೆ. ದಿನಕ್ಕೆ ಒಟ್ಟು 40 ಗ್ರಾಂ ಒಳಗೆ ಇರಲಿ ಎಂದು ಲೆಕ್ಕ ಹಾಕಿದೆ. ಬೋಂಡ, ಕಡಲೆಬೀಜದ ಚಟ್ನಿ, ದಪ್ಪ ಕಾಯಿ ಚಟ್ನಿ ಬಿಡಿಸಿ, ಒಗ್ಗರಣೆ-ಅಡುಗೆಗೆ ಸೇರಿ ಮೂರು ಟೀ ಚಮಚ ಎಣ್ಣೆ ಇಟ್ಟೆ. ಆದರೆ ತೂಕ ಇಳಿಯುತ್ತಿರುವವರಿಗೆ ಕೊಬ್ಬನ್ನೆಲ್ಲ ತೆಗೆದರೆ ಇನ್ನೂ ಸೊರಗುತ್ತಾರೆ. ದ್ರವದಲ್ಲಿರುವ ಕೊಬ್ಬು ಬಹಳ ಜನಕ್ಕೆ ಒಗ್ಗುತ್ತದೆ. ಹೀಗಾಗಿ 3% ಕೊಬ್ಬಿನ ಹಾಲನ್ನು ದಿನಕ್ಕೆ ಅರ್ಧ ಲೀಟರ್ ಉಳಿಸಿದೆ, ಕೆಲವು ಸಲ ರಾಗಿ ಹಾಲಿಗೂ ಸೇರಿಸಿ.

ಮೂರು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಅವರು ಬೇರೆ ಕಡೆ ಕಣ್ಣು ತೋರಿಸಲು ಹೋದಾಗ ಅಲ್ಲಿ ಯಾರೋ "ಸಕ್ಕರೆ ಇದೆ, ಸೊಪ್ಪು-ಕಾಳು ಜಾಸ್ತಿ ಮಾಡಿ" ಎಂದರು. ವಾಂತಿ ಮರಳಿ ಬಂತು. ಅಂದಿನಿಂದ ನಾನು ಡಯೆಟ್ ಚೀಟಿಯ ಮೊದಲ ಪುಟದ ಮೇಲೆಯೇ, ಮನೆಯವರಿಗೆ ಕನ್ನಡದಲ್ಲೂ ಡಾಕ್ಟರಿಗೆ ಇಂಗ್ಲಿಷಿನಲ್ಲೂ ಬರೆಯುತ್ತೇನೆ: "ನಾರು ಬೇಕೆಂದೇ ಇಳಿಸಿದೆ. ಕಾರಣ ಗ್ಯಾಸ್ಟ್ರೋಪರೆಸಿಸ್, ಸ್ಕ್ಯಾನ್ ತಾರೀಖು ಇದು. ಬದಲಿಸುವ ಮುನ್ನ ಕೇಳಿ."

ಒಂದು ಹಾಳೆಯಲ್ಲಿ ಎರಡು ವಾರಕ್ಕೊಂದು ಸಾಲು ತುಂಬುತ್ತೇನೆ. ಅದೇ ತೂಕದ ಯಂತ್ರದಲ್ಲಿ ತೂಕ, ಆರರಲ್ಲಿ ಎಷ್ಟು ಬಟ್ಟಲು ಮುಗಿಯಿತು, ಎರಡು ಮತ್ತು ಐದು ಗಂಟೆಯ ಸಕ್ಕರೆ, ಮಲಬದ್ಧತೆ ಇದೆಯೇ, ಯಾಕೆಂದರೆ ನಾರು ಇಳಿಸಿದ ಬೆಲೆ ಅಲ್ಲಿ ಕಾಣುತ್ತದೆ. ಜೊತೆಗೆ ಜಿಸಿಎಸ್ಐ ಎಂಬ ಒಂಬತ್ತು ಪ್ರಶ್ನೆಗಳ ಅಂಕ: ವಾಕರಿಕೆ, ವಾಂತಿ, ಬೇಗ ತುಂಬಿದಂತಾಗುವುದು, ಹೊಟ್ಟೆ ಉಬ್ಬರ ಮುಂತಾದವನ್ನು ಕಳೆದ ಎರಡು ವಾರಕ್ಕೆ 0ರಿಂದ 5ರವರೆಗೆ ಅವರಿಂದಲೇ ಹೇಳಿಸುವುದು. "ಸ್ವಲ್ಪ ವಾಸಿ ಮೇಡಂ" ಎಂಬ ಮಾತಿನ ಪಕ್ಕದಲ್ಲಿ ಅಂಕ ಇದ್ದರೆ ವಾಸಿ ಯಾವುದರಲ್ಲಿ ಎಂದು ಗೊತ್ತಾಗುತ್ತದೆ. ಇವರಲ್ಲಿ ವಾಂತಿಯ ಅಂಕ 4ರಿಂದ 1ಕ್ಕೆ ಇಳಿಯಿತು, ಉಬ್ಬರದ್ದು 3ರಲ್ಲೇ ನಿಂತಿತು, ತೂಕ 52ರಿಂದ 53ಕ್ಕೆ ಏರಿತು. ಮೆಟ್‌ಫಾರ್ಮಿನ್ ಬಹಳ ವರ್ಷ ತೆಗೆದುಕೊಂಡವರಾದ್ದರಿಂದ ಬಿ12 ನೋಡಿಸಲು ಡಾಕ್ಟರಿಗೆ ಒಂದು ಸಾಲು ಬರೆದೆ.

ಸೊಪ್ಪನ್ನು ಮತ್ತೆ ತರುವಾಗ ಒಂದು ಸಲಕ್ಕೆ ಒಂದೇ ಪದಾರ್ಥ: ಎಳೆ ದಂಟಿನ ಸೊಪ್ಪಿನ ಎಲೆ ಮಾತ್ರ, ದಂಟು ಬೇಡ, ಬೇಯಿಸಿ ರುಬ್ಬಿ ಸೋಸಿ, ಒಂದು ಚಮಚ, ಒಂದು ವಾರ. ವಾಂತಿಯ ಅಂಕ ಏರಿದರೆ ಹಿಂದಕ್ಕೆ. ನೀರೂ ನಿಲ್ಲದ ದಿನ, ಕಪ್ಪಗೆ ವಾಂತಿಯಾದ ದಿನ ಅಥವಾ ಮೆತ್ತಗಿನ ಊಟದಲ್ಲೂ ತೂಕ ಇಳಿಯುತ್ತಲೇ ಹೋದಾಗ ಡಯೆಟ್ ಚೀಟಿ ಬದಲಿಸುತ್ತಾ ಕೂರುವುದಿಲ್ಲ, ತುಂಬಿದ ಹಾಳೆಯ ಸಮೇತ ಅಂದೇ ಡಾಕ್ಟರ ಬಳಿಗೆ ಕಳಿಸುತ್ತೇನೆ.