ಶೇಷ ಪ್ರಮೇಯದಿಂದ ದೊಡ್ಡ ಘಾತದ ಬಹುಪದೋಕ್ತಿಯ ಬೆಲೆ ಕಟ್ಟುವುದು, ಅಪವರ್ತನ ಪರೀಕ್ಷಿಸುವುದು: ನನ್ನ ಅನುಭವ

p(x) = 2x⁶ − 3x⁵ + 14x³ − 37x² + 36 ಎಂಬ ಬಹುಪದೋಕ್ತಿಯಲ್ಲಿ p(7) ಎಷ್ಟು ಎಂದು ಕೇಳಿದರೆ ನಾನು 7ರ ಘಾತಗಳ ತಂಟೆಗೇ ಹೋಗುವುದಿಲ್ಲ. 7⁶ ಎಂದರೆ 1,17,649. ಅದನ್ನು 2ರಿಂದ ಗುಣಿಸಿ, 7⁵ ಅಂದರೆ 16,807ನ್ನು ಮೂರು ಪಟ್ಟು ಮಾಡಿ ಕಳೆದು, ಮುಂದಿನ ಪದಗಳಿಗೂ ಹೀಗೇ ಮಾಡುತ್ತಾ ಹೋದರೆ ಎಲ್ಲಿ ಬೇಕಾದರೂ ಕೈ ತಪ್ಪಬಹುದು. ಅದರ ಬದಲು p(x)ಅನ್ನು (x − 7)ರಿಂದ ಭಾಗಿಸಿ ಶೇಷವನ್ನು ನೋಡಿಕೊಳ್ಳುತ್ತೇನೆ. ಶೇಷವೇ ಉತ್ತರ.

ಕಾರಣ ಸರಳ. ಭಾಗಲಬ್ಧ q(x), ಶೇಷ r ಆದರೆ p(x) = (x − a)·q(x) + r. ಭಾಜಕದ ಘಾತ 1 ಆದ್ದರಿಂದ r ಬರೀ ಒಂದು ಸಂಖ್ಯೆ, ಅದರಲ್ಲಿ x ಇರುವುದಿಲ್ಲ. x ಇರುವ ಕಡೆ a ಹಾಕಿದರೆ ಮೊದಲ ಪದ ಸೊನ್ನೆಯಾಗಿ p(a) = r ಉಳಿಯುತ್ತದೆ. ಇಷ್ಟೇ ಶೇಷ ಪ್ರಮೇಯ. ದೀರ್ಘ ಭಾಗಾಕಾರ ಮಾಡುವುದಾದರೆ ಇದರಿಂದ ಏನೂ ಉಳಿತಾಯವಿಲ್ಲ. ಸಂಶ್ಲೇಷಿತ ಭಾಗಾಕಾರ ಜೊತೆಗಿದ್ದಾಗಲೇ ಪ್ರಮೇಯ ಕೆಲಸಕ್ಕೆ ಬರುತ್ತದೆ. ಸಹಗುಣಕಗಳನ್ನು ಮಾತ್ರ ಸಾಲಾಗಿ ಬರೆದು, ಮೊದಲನೆಯದನ್ನು ಹಾಗೇ ಕೆಳಗಿಳಿಸಿ, ಅದನ್ನು 7ರಿಂದ ಗುಣಿಸಿ ಮುಂದಿನ ಸಹಗುಣಕಕ್ಕೆ ಕೂಡಿಸುವುದು, ಬಂದದ್ದನ್ನು ಮತ್ತೆ 7ರಿಂದ ಗುಣಿಸಿ ಅದರ ಮುಂದಿನದಕ್ಕೆ ಕೂಡಿಸುವುದು. ಕೊನೆಯವರೆಗೂ ಇದೊಂದೇ ಕೆಲಸ.

```
7 |  2   -3    0    14    -37      0       36
  |      14   77   539   3871  26838   187866
  -------------------------------------------
     2   11   77   553   3834  26838   187902
```

p(7) = 1,87,902. ಆರು ಗುಣಾಕಾರ, ಆರು ಸಂಕಲನದಲ್ಲಿ ಮುಗಿಯಿತು. ಪ್ರತಿ ಗುಣಾಕಾರವೂ 7ರಿಂದಲೇ ಆಗುವುದರಿಂದ ಬಾಯಿಲೆಕ್ಕದಲ್ಲೂ ಸಾಗುತ್ತದೆ. ಇದಕ್ಕೆ ಹಾರ್ನರ್ ವಿಧಾನ ಎಂಬ ಹೆಸರಿದೆ. 1819ರಲ್ಲಿ ಪ್ರಕಟವಾದ ವಿಲಿಯಂ ಜಾರ್ಜ್ ಹಾರ್ನರ್ ಅವರ ಪ್ರಬಂಧದಿಂದ ಆ ಹೆಸರು ಬಂತು, ಆದರೆ ಚೀನಾದ ಚಿನ್ ಜಿಯುಶಾವೊ 1247ರಲ್ಲೇ ಇದೇ ಬಗೆಯ ಲೆಕ್ಕ ಮಾಡಿ ತೋರಿಸಿದ್ದರು.

ಈ ಪಟ್ಟಿಯಲ್ಲಿ ಅತಿ ಹೆಚ್ಚು ಕೆಡುವ ಜಾಗ ಸೊನ್ನೆಗಳದ್ದು. ನಮ್ಮ ಬಹುಪದೋಕ್ತಿಯಲ್ಲಿ x⁴ ಪದವೂ ಇಲ್ಲ, x ಪದವೂ ಇಲ್ಲ. ಕಣ್ಣಿಗೆ ಕಂಡ ಐದು ಸಹಗುಣಕಗಳನ್ನಷ್ಟೇ ಬರೆದು ಸಾಗಿದರೆ 2, 11, 91, 600, 4236 ಎಂದು ಬರುತ್ತದೆ. ಒಂದು ಗುಣಾಕಾರವೂ ತಪ್ಪಿಲ್ಲ, ಆದರೂ ಉತ್ತರ ತಪ್ಪು. ನೀವು ಬೆಲೆ ಕಟ್ಟಿದ್ದು 2x⁴ − 3x³ + 14x² − 37x + 36 ಎಂಬ ಬೇರೆಯೇ ಬಹುಪದೋಕ್ತಿಗೆ. ಆದ್ದರಿಂದ ಸಾಲು ಬರೆದ ಕೂಡಲೇ ಎಣಿಸುತ್ತೇನೆ: ಆರನೇ ಘಾತಕ್ಕೆ ಏಳು ಸಂಖ್ಯೆಗಳಿರಬೇಕು. ಘಾತಕ್ಕಿಂತ ಒಂದು ಹೆಚ್ಚು ಇಲ್ಲದಿದ್ದರೆ ಪೆನ್ನು ಮುಂದೆ ಹೋಗಬಾರದು.

ಉತ್ತರ ಸರಿಯೇ ಎಂದು ನೋಡಲು ಮತ್ತೊಮ್ಮೆ ಅದೇ ಲೆಕ್ಕ ಮಾಡುವುದು ನನಗೆ ಒಗ್ಗದು. ಒಮ್ಮೆ ಆದ ತಪ್ಪು ಎರಡನೇ ಸಲವೂ ಕಣ್ಣು ತಪ್ಪಿಸುತ್ತದೆ. ಇಲ್ಲಿಯೂ ಶೇಷ ಪ್ರಮೇಯವೇ ನೆರವಿಗೆ ಬರುತ್ತದೆ. ಸಹಗುಣಕಗಳು ಪೂರ್ಣಾಂಕಗಳಾದರೆ p(x) − p(1)ಅನ್ನು (x − 1)ರಿಂದ ಭಾಗಿಸಿದಾಗ ಶೇಷ ಸೊನ್ನೆ, ಭಾಗಲಬ್ಧದ ಸಹಗುಣಕಗಳೂ ಪೂರ್ಣಾಂಕಗಳೇ. ಹಾಗಾಗಿ p(7) − p(1) ಎಂಬುದು 6ರಿಂದ ನಿಶ್ಶೇಷವಾಗಿ ಭಾಗವಾಗಲೇಬೇಕು. p(1) ಎಂದರೆ ಸಹಗುಣಕಗಳ ಮೊತ್ತ: 2 − 3 + 14 − 37 + 36 = 12. ಈಗ 187902 − 12 = 187890 = 6 × 31315. ಸರಿಹೋಯಿತು. ಇದೇ ತರ್ಕದಲ್ಲಿ p(7) − p(−1) ಎಂಬುದು 8ರಿಂದ ಭಾಗವಾಗಬೇಕು. ಬೆಸ ಘಾತದ ಪದಗಳ ಚಿಹ್ನೆ ತಿರುಗಿಸಿದರೆ p(−1) = 2 + 3 − 14 − 37 + 36 = −10. 187902 + 10 = 187912 = 8 × 23489. ಅದೂ ಸರಿ.

ಎರಡೂ ಪರೀಕ್ಷೆ ಏಕೆ ಬೇಕು ಎಂಬುದಕ್ಕೆ ಮೇಲಿನ ತಪ್ಪು ಉತ್ತರವೇ ಸಾಕ್ಷಿ. 4236 − 12 = 4224, ಇದು 6ರಿಂದ ಭಾಗವಾಗುತ್ತದೆ! ಸೊನ್ನೆ ಬಿಟ್ಟುಹೋದರೆ ಸಹಗುಣಕಗಳ ಮೊತ್ತ ಬದಲಾಗುವುದಿಲ್ಲವಲ್ಲ, ಹಾಗಾಗಿ ಮೊದಲ ಪರೀಕ್ಷೆಗೆ ಆ ತಪ್ಪು ಕಾಣುವುದೇ ಇಲ್ಲ. 4236 + 10 = 4246 ಮಾತ್ರ 8ರಿಂದ ಭಾಗವಾಗದೆ ಸಿಕ್ಕಿಬೀಳುತ್ತದೆ. ಆದರೆ p(−1)ಅನ್ನು ಮೂಲ ಬಹುಪದೋಕ್ತಿಯ ಘಾತಗಳನ್ನು ನೋಡಿಯೇ ಲೆಕ್ಕ ಹಾಕಬೇಕು, ಅರೆಬರೆ ಸಾಲಿನಿಂದಲ್ಲ. ನಡುವೆ ಎಲ್ಲೋ ಒಂದು ಕಡೆ ಕೂಡುವುದು ತಪ್ಪಿದ್ದರೆ, ಆ ವ್ಯತ್ಯಾಸ 24ರ ಗುಣಕವಾಗಿರದ ಹೊರತು ಇವೆರಡರಲ್ಲಿ ಒಂದಾದರೂ ಹಿಡಿಯುತ್ತದೆ.

ಇನ್ನು ಅಪವರ್ತನದ ವಿಷಯ. p(a) = 0 ಆದರೆ (x − a) ಅಪವರ್ತನ, ಇಲ್ಲದಿದ್ದರೆ ಅಲ್ಲ; ಪರೀಕ್ಷೆ ಎಂದರೆ ಇದೇ ಸಾಲನ್ನು ಬರೆದು ಕೊನೆಯ ಸಂಖ್ಯೆ ನೋಡುವುದು. ಕಷ್ಟವಿರುವುದು ಯಾವ aಗಳನ್ನು ಪರೀಕ್ಷಿಸಬೇಕು ಎಂಬುದರಲ್ಲಿ. ಪೂರ್ಣಾಂಕ ಶೂನ್ಯತೆಯಿದ್ದರೆ ಅದು ಸ್ಥಿರಪದ 36ನ್ನು ಭಾಗಿಸಬೇಕು. ±1, ±2, ±3, ±4, ±6, ±9, ±12, ±18, ±36 ಎಂದು ಹದಿನೆಂಟು ಅಭ್ಯರ್ಥಿಗಳು ನಿಲ್ಲುತ್ತವೆ. ಒಂದೊಂದಕ್ಕೂ ಒಂದು ಸಾಲು ಬರೆಯುತ್ತಾ ಕೂತರೆ ಪುಟ ತುಂಬುತ್ತದೆ.

ಆಗಲೇ ಕೈಯಲ್ಲಿರುವ p(1) = 12, p(−1) = −10 ಎಂಬ ಎರಡು ಸಂಖ್ಯೆಗಳಿಂದ ಈ ಗುಂಪನ್ನು ಸೋಸುತ್ತೇನೆ. a ಶೂನ್ಯತೆಯಾದರೆ p(a) = 0, ಆದ್ದರಿಂದ a − 1 ಎಂಬುದು 12ನ್ನೂ a + 1 ಎಂಬುದು 10ನ್ನೂ ಭಾಗಿಸಬೇಕು. ಮೇಲೆ ಉತ್ತರ ಪರೀಕ್ಷಿಸಿದ ನಿಯಮವೇ ಇದು. 1 ಮತ್ತು −1ರಲ್ಲಿ ಬೆಲೆ ಸೊನ್ನೆಯಲ್ಲವಾದ್ದರಿಂದ ಅವು ಮೊದಲೇ ಹೊರಗೆ. 6 ತೆಗೆದುಕೊಂಡರೆ 6 − 1 = 5, ಅದು 12ನ್ನು ಭಾಗಿಸದು. −4ಕ್ಕೆ −5, ಅದೂ ಆಗದು. ಹೀಗೆ ಮೊದಲ ಶರತ್ತಿನಲ್ಲಿ 2, 3, 4, −2, −3 ಮಾತ್ರ ಉಳಿಯುತ್ತವೆ. ಎರಡನೆಯದರಲ್ಲಿ 2 (2 + 1 = 3) ಮತ್ತು 3 (3 + 1 = 4) ಬಿದ್ದುಹೋಗುತ್ತವೆ. ಉಳಿದವು 4, −2, −3. ಒಂದು ಸಾಲನ್ನೂ ಬರೆಯದೆ ಹದಿನೆಂಟು ಮೂರಾಯಿತು. ಈ ಸೋಸುವಿಕೆಯನ್ನು ಪಾಠ ಹೇಳುವಾಗ ಬಿಟ್ಟುಬಿಡುವುದೇ ಹೆಚ್ಚು, ನನ್ನ ಮಟ್ಟಿಗಂತೂ ಇಡೀ ವಿಧಾನದಲ್ಲಿ ಅತಿ ಹೆಚ್ಚು ಶ್ರಮ ಉಳಿಸುವುದು ಇದೇ.

ಮೊದಲು −2. ಭಾಜಕ (x + 2), ಆದರೆ ಎಡಗಡೆ ಬರೆಯುವುದು −2. ಇಲ್ಲಿ ಚಿಹ್ನೆ ಮರೆತು 2 ಬರೆದರೆ ಶೇಷ 32 ಬರುತ್ತದೆ, ಅದು p(2). ಒಳ್ಳೆಯ ಅಪವರ್ತನವೊಂದು ಕೈಬಿಟ್ಟುಹೋಗುತ್ತದೆ. ಭಾಜಕವನ್ನು ಸೊನ್ನೆಗೆ ಸಮ ಮಾಡಿ xನ ಬೆಲೆ ಬರೆದುಕೊಂಡರೆ ಈ ಗೊಂದಲವಿರುವುದಿಲ್ಲ.

```
-2 |  2   -3    0    14   -37    0    36
   |      -4   14   -28    28   18   -36
   -------------------------------------
      2   -7   14   -14    -9   18     0
```

ಶೇಷ ಸೊನ್ನೆ, (x + 2) ಅಪವರ್ತನ. ಉಳಿದ ಆರು ಸಂಖ್ಯೆಗಳು ಭಾಗಲಬ್ಧದ ಸಹಗುಣಕಗಳು: 2x⁵ − 7x⁴ + 14x³ − 14x² − 9x + 18. ಇಲ್ಲಿಂದ ಮುಂದೆ ಮೂಲ ಬಹುಪದೋಕ್ತಿಯನ್ನು ಮುಟ್ಟುವುದಿಲ್ಲ, ಈ ಚಿಕ್ಕದರ ಮೇಲೆಯೇ ಕೆಲಸ. ಇದರ ಸ್ಥಿರಪದ 18ನ್ನು 4 ಭಾಗಿಸುವುದಿಲ್ಲ, ಹಾಗಾಗಿ 4 ತಾನಾಗಿ ಹೋಯಿತು. −3 ಹಾಕಿದರೆ 2, −13, 53, −173, 510, −1512, ಸೊನ್ನೆಯಲ್ಲ. −2 ಎರಡು ಸಲ ಬರುವ ಶೂನ್ಯತೆಯೇ ಎಂಬುದನ್ನೂ ಇಲ್ಲೇ ನೋಡಿಬಿಡಬೇಕು. ಒಮ್ಮೆ ಶೇಷ ಸೊನ್ನೆ ಬಂದರೆ ಅಪವರ್ತನ ಎಷ್ಟು ಸಲ ಇದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಸಾಲು ಹಾಕಿದರೆ 2, −11, 36, −86, 163, −308. ಒಂದೇ ಸಲ.

ಪೂರ್ಣಾಂಕಗಳು ಮುಗಿದವು, ಆದರೆ ಮೊದಲ ಸಹಗುಣಕ 2 ಇರುವುದರಿಂದ ಛೇದ 2 ಇರುವ ಭಿನ್ನರಾಶಿಗಳೂ ಶೂನ್ಯತೆಗಳಾಗಬಹುದು: ±1/2, ±3/2, ±9/2. ಸೋಸುವ ನಿಯಮ ಇಲ್ಲಿಗೂ ಹೊಂದುತ್ತದೆ. ಸಂಕ್ಷಿಪ್ತ ರೂಪದ m/n ಶೂನ್ಯತೆಯಾದರೆ m − n ಎಂಬುದು p(1)ಅನ್ನೂ m + n ಎಂಬುದು p(−1)ಅನ್ನೂ ಭಾಗಿಸಬೇಕು. 9/2ಕ್ಕೆ 7, −9/2ಕ್ಕೆ −11, −3/2ಕ್ಕೆ −5. ಇವು ಯಾವುವೂ 12ನ್ನು ಭಾಗಿಸವು. 1/2ಕ್ಕೆ 1 + 2 = 3, ಅದು 10ನ್ನು ಭಾಗಿಸದು. ಉಳಿದವು −1/2 ಮತ್ತು 3/2.

ಭಿನ್ನರಾಶಿ ಹಾಕುವಾಗ ಕೊನೆಯವರೆಗೆ ಹೋಗುವ ಅಗತ್ಯ ಅನೇಕ ಸಲ ಇರುವುದಿಲ್ಲ. (2x + 1) ನಿಜಕ್ಕೂ ಅಪವರ್ತನವಾಗಿದ್ದರೆ ಅದರ ಭಾಗಲಬ್ಧದ ಸಹಗುಣಕಗಳು ಪೂರ್ಣಾಂಕಗಳಾಗಿರುತ್ತವೆ. ನಾವು ಭಾಗಿಸುತ್ತಿರುವುದು (x + 1/2)ರಿಂದ, ಅಂದರೆ ಕೆಳಸಾಲಿನಲ್ಲಿ ಬರುವುದು ಅವುಗಳ ಎರಡರಷ್ಟು. ಆದ್ದರಿಂದ ಕೆಳಸಾಲಿನ ಪ್ರತಿ ಸಂಖ್ಯೆಯೂ ಸಮವಾಗಿರಬೇಕು. −1/2 ಹಾಕಿದರೆ 2, −8, 18, −23. ಬೆಸ ಸಂಖ್ಯೆ ಬಂತು, ಅಲ್ಲಿಗೇ ನಿಲ್ಲಿಸಬಹುದು. 3/2 ಹಾಕಿದರೆ:

```
3/2 |  2   -7   14   -14    -9    18
    |       3   -6    12    -3   -18
    --------------------------------
       2   -4    8    -2   -12     0
```

(2x − 3) ಅಪವರ್ತನ. ಇಲ್ಲಿ ಭಾಗಲಬ್ಧ ಬರೆಯುವಾಗ ಎಚ್ಚರ ಬೇಕು. ಈ ಸಾಲು (x − 3/2)ರ ಭಾಗಲಬ್ಧ. (2x − 3)ರದ್ದು ಬೇಕಿದ್ದರೆ ಸಾಲನ್ನು 2ರಿಂದ ಭಾಗಿಸಬೇಕು. ಮರೆತರೆ ಉತ್ತರ ಮೂಲದ ಎರಡರಷ್ಟಾಗುತ್ತದೆ. ಹಾಗಾಗಿ

p(x) = (x + 2)(2x − 3)(x⁴ − 2x³ + 4x² − x − 6).

ಸ್ಥಿರಪದಗಳನ್ನು ಗುಣಿಸಿ ನೋಡಿದರೆ 2 × (−3) × (−6) = 36, x = 1 ಹಾಕಿದರೆ 3 × (−1) × (−4) = 12. ಎರಡೂ ಮೂಲಕ್ಕೆ ತಾಳೆಯಾಗುತ್ತವೆ.

ಉಳಿದ ನಾಲ್ಕನೇ ಘಾತದ ತುಂಡಿನ ಮುಂದೆ ಈ ಪರೀಕ್ಷೆಯ ಮಿತಿ ಕಾಣುತ್ತದೆ. ಅದರ ಮೊದಲ ಸಹಗುಣಕ 1, ಸೋಸಿದ ಅಭ್ಯರ್ಥಿಗಳೆಲ್ಲ ಮುಗಿದಿವೆ, ಆದ್ದರಿಂದ ಭಾಗಲಬ್ಧ ಸಂಖ್ಯೆಯ ಶೂನ್ಯತೆ ಅದಕ್ಕಿಲ್ಲ. ಅಷ್ಟರಿಂದ ಅದು ಒಡೆಯುವುದಿಲ್ಲ ಎಂದು ಹೇಳುವಂತಿಲ್ಲ. ಎರಡು ವರ್ಗ ಬಹುಪದೋಕ್ತಿಗಳ ಗುಣಲಬ್ಧವಾಗಿರಬಹುದೇ ಎಂಬುದನ್ನು ಸಹಗುಣಕಗಳನ್ನು ಹೋಲಿಸಿ ಬೇರೆಯೇ ನೋಡಬೇಕು. ಹಾಗೆ ನೋಡಿದರೆ ಪೂರ್ಣಾಂಕ ಸಹಗುಣಕಗಳಲ್ಲಿ ಇದು ಒಡೆಯುವುದಿಲ್ಲ. ಆದರೂ ವಾಸ್ತವ ಶೂನ್ಯತೆ ಎಲ್ಲಿದೆ ಎಂದು ಹುಡುಕಲು ಅದೇ ಸಾಲು ಸಾಕು: 1 ಹಾಕಿದರೆ ಶೇಷ −4, 2 ಹಾಕಿದರೆ 8. ಚಿಹ್ನೆ ಬದಲಾದ್ದರಿಂದ 1 ಮತ್ತು 2ರ ನಡುವೆ ಅಭಾಗಲಬ್ಧ ಶೂನ್ಯತೆಯೊಂದಿದೆ. 0ಯಲ್ಲಿ −6, −1ರಲ್ಲಿ 2 ಬರುವುದರಿಂದ ಅಲ್ಲಿಯೂ ಒಂದು.