ಬಿಲ್‌ನಲ್ಲಿ ತಕರಾರಿದೆಯೇ? ಒಪ್ಪಿದ್ದನ್ನು ಕಟ್ಟಿ, ಉಳಿದದ್ದಕ್ಕೆ ಹೀಗೆ ಬರೆಯಿರಿ

ಬಿಲ್‌ನ ಒಂದೆರಡು ಸಾಲು ಸರಿಯಿಲ್ಲ ಅಂತ ಇಡೀ ಬಿಲ್ಲನ್ನೇ ಪಕ್ಕಕ್ಕಿಡುವವರು ಜಾಸ್ತಿ. ತಪ್ಪು ಬಿಲ್ ಕೊಟ್ಟವರದ್ದೇ ಇರಬಹುದು, ಆದರೆ ಗಡುವು ದಾಟಿದ ಮೇಲೆ ಬಾಕಿ ಉಳಿಸಿಕೊಂಡವರು ನೀವೇ ಆಗುತ್ತೀರಿ. ಇನ್ನು ಕೆಲವರು ಏನೂ ಹೇಳದೆ ಕಡಿಮೆ ಹಣ ಹಾಕಿ ಸುಮ್ನೆ ಕೂರುತ್ತಾರೆ. ಅದು ಇನ್ನೂ ಕೆಟ್ಟದ್ದು. ಆ ಕಡೆ ಲೆಕ್ಕ ನೋಡುವವರಿಗೆ ಕಾಣುವುದು ಬಾಕಿ ಮಾತ್ರ, ಅದರ ಕಾರಣ ಅಲ್ಲ.

ಮೊದಲು ಒಪ್ಪಂದ ತೆಗೆದು ನೋಡಿ. ತಕರಾರಿದ್ದರೆ ಇಷ್ಟು ದಿನದೊಳಗೆ ಬರಹದಲ್ಲಿ ತಿಳಿಸಬೇಕು, ಇಲ್ಲದಿದ್ದರೆ ಬಿಲ್ ಒಪ್ಪಿದಂತೆ ಎಂದು ಹಲವು ಒಪ್ಪಂದಗಳಲ್ಲಿ ಇರುತ್ತದೆ. ಮೊದಲು ಪೂರ್ತಿ ಕಟ್ಟಿ, ಆಮೇಲೆ ತಕರಾರು ಹೇಳಿ ಎಂಬ ಷರತ್ತೂ ಇರಬಹುದು. ಹಾಗಿದ್ದರೆ ಹಣ ತಡೆಹಿಡಿಯುವ ದಾರಿ ನಿಮಗಿಲ್ಲ. ‘ಆಕ್ಷೇಪ ಉಳಿಸಿಕೊಂಡು ಪೂರ್ತಿ ಪಾವತಿಸುತ್ತಿದ್ದೇವೆ’ ಎಂದು ಬರೆದು ಕಟ್ಟಬೇಕು.

ಅಂಥ ಷರತ್ತು ಇಲ್ಲ ಅಂದುಕೊಳ್ಳಿ. ಈಗ ಬಿಲ್ಲನ್ನು ಸಾಲು ಸಾಲಾಗಿ ಬಿಡಿಸಿ. ಒಂದು ಕೈಪಿಡಿಯ 2,000 ಪ್ರತಿ ಮುದ್ರಿಸಲು ಕೊಟ್ಟಿದ್ದೀರಿ. ಪ್ರತಿಗೆ 20ರಂತೆ 40,000, ಪುಟ ವಿನ್ಯಾಸಕ್ಕೆ 3,000, ತುರ್ತು ಸಾಗಣೆಗೆ 2,000. ಒಟ್ಟು 45,000, ಅದರ ಮೇಲೆ ತೆರಿಗೆ ಶೇ 10. ಬಿಲ್ ಬಂದಿರುವುದು 49,500ಕ್ಕೆ. ಆದರೆ 200 ಪ್ರತಿಗಳಲ್ಲಿ ಪುಟಗಳು ಅದಲು ಬದಲಾಗಿವೆ. ತುರ್ತು ಅಂದ ಸಾಗಣೆ ಎರಡು ದಿನ ತಡವಾಗಿ ಬಂದಿದೆ.

ಕೆಟ್ಟ ಪ್ರತಿಗಳ 4,000, ಸಾಗಣೆಯ 2,000 ಸೇರಿ 6,000 ತಕರಾರಿನಲ್ಲಿದೆ. ಇಲ್ಲೇ ಬಹಳ ಜನ ಎಡವುವುದು: ಅದರ ಮೇಲಿನ ತೆರಿಗೆ 600 ಕೂಡ ತಕರಾರಿಗೆ ಸೇರಬೇಕು. ಹಾಗಾಗಿ ತಡೆಹಿಡಿಯುವುದು 6,600, ಈಗ ಕಟ್ಟುವುದು 42,900. ‘ಸುಮಾರು ಶೇ 15 ಕಡಿತ’ ಅಂತ ಅಂದಾಜಿನಲ್ಲಿ ಹಿಡಿಯಬೇಡಿ. ಪ್ರತಿ ಅಂಕಿಗೂ ಬಿಲ್‌ನ ಯಾವುದಾದರೂ ಸಾಲನ್ನು ಬೆರಳಿಟ್ಟು ತೋರಿಸುವಂತಿರಬೇಕು.

ಪತ್ರ ಹಣಕ್ಕಿಂತ ಮುಂಚೆ ಹೋಗಬೇಕು, ಕೊನೆಗೆ ಅದೇ ದಿನವಾದರೂ. ಅದು ಹೀಗಿರಲಿ:

‘ನಿಮ್ಮ ಬಿಲ್ ಸಂಖ್ಯೆ 118, ಒಟ್ಟು 49,500. ಇದರಲ್ಲಿ ಸರಿಯಾಗಿ ಬಂದ 1,800 ಪ್ರತಿಗಳ ಮುದ್ರಣ ಮತ್ತು ಪುಟ ವಿನ್ಯಾಸದ ಮೊತ್ತವನ್ನು ನಾವು ಒಪ್ಪುತ್ತೇವೆ. ತೆರಿಗೆ ಸೇರಿ 42,900 ಅನ್ನು ಇಂದು ಪಾವತಿಸುತ್ತಿದ್ದೇವೆ. ಈ ಹಣವನ್ನು ಈ ಎರಡು ಬಾಬ್ತುಗಳಿಗೆ ಮಾತ್ರ ಜಮಾ ಮಾಡಿಕೊಳ್ಳಿ. ಉಳಿದ 6,600 ಅನ್ನು ನಾವು ಒಪ್ಪುವುದಿಲ್ಲ. ಕಾರಣ: 200 ಪ್ರತಿಗಳಲ್ಲಿ ಪುಟಗಳ ಕ್ರಮ ತಪ್ಪಿದೆ (ಚಿತ್ರ ಲಗತ್ತಿಸಿದೆ), ತುರ್ತು ಸಾಗಣೆ ಒಪ್ಪಿದ ದಿನಕ್ಕಿಂತ ಎರಡು ದಿನ ತಡವಾಗಿದೆ. ಈ ಪಾವತಿಯಿಂದ ಉಳಿದ ಮೊತ್ತವನ್ನು ಒಪ್ಪಿಕೊಂಡಂತೆ ಆಗುವುದಿಲ್ಲ. ದಯವಿಟ್ಟು 6,600ಕ್ಕೆ ಕ್ರೆಡಿಟ್ ನೋಟ್ ಕೊಡಿ, ಇಲ್ಲವೇ ನಿಮ್ಮ ವಿವರಣೆಯನ್ನು 10 ದಿನದೊಳಗೆ ಬರಹದಲ್ಲಿ ತಿಳಿಸಿ. ಅಲ್ಲಿಯವರೆಗೆ ಈ ಮೊತ್ತವನ್ನು ತಕರಾರಿನಲ್ಲಿದೆ ಎಂದು ಗುರುತಿಸಿಡಿ.’

ಇದರಲ್ಲಿ ಬೈಗುಳವಿಲ್ಲ, ‘ಮೋಸ’ ಎಂಬ ಪದವಿಲ್ಲ. ಬೇಕಂತಲೇ ಬಿಟ್ಟಿದ್ದು. ಪತ್ರ ಓದುವವರು ಮುದ್ರಿಸಿದವರಲ್ಲ, ಲೆಕ್ಕದ ವಿಭಾಗದವರು. ಅವರಿಗೆ ಬೇಕಾದದ್ದು ಮೇಲಿನವರಿಗೆ ತೋರಿಸಿ ಸಹಿ ಹಾಕಿಸಿಕೊಳ್ಳಬಹುದಾದ ಅಂಕಿಗಳು.

‘ಜಮಾ ಮಾಡಿಕೊಳ್ಳಿ’ ಎಂಬ ಸಾಲನ್ನು ಮಾತ್ರ ಬಿಡಲೇಬೇಡಿ. ಯಾವ ಬಾಬ್ತಿಗೆ ಎಂದು ನೀವು ಹೇಳದಿದ್ದರೆ, ಅವರು ಆ ಹಣವನ್ನು ಹಳೇ ಬಾಕಿಗೋ ತಕರಾರಿನ ಸಾಲಿಗೋ ಹಾಕಿಕೊಳ್ಳಬಹುದು. ಬ್ಯಾಂಕಿನಲ್ಲಿ ಹಣ ಕಳಿಸುವಾಗಲೂ ವಿವರದ ಜಾಗದಲ್ಲಿ ‘ಬಿಲ್ 118, ಒಪ್ಪಿದ ಭಾಗ’ ಎಂದು ಬರೆಯಿರಿ.

ಎರಡು ಮಾತು ಪತ್ರದಲ್ಲಿ ಬರಲೇಬಾರದು. ಒಂದು, ‘ಉಳಿದದ್ದನ್ನು ಆಮೇಲೆ ಕೊಡುತ್ತೇವೆ’. ಸೌಜನ್ಯಕ್ಕೆ ಬರೆದ ಈ ಸಾಲೇ ಮುಂದೆ ನೀವು ಸಾಲ ಒಪ್ಪಿಕೊಂಡದ್ದಕ್ಕೆ ಸಾಕ್ಷಿಯಾಗಬಹುದು. ಇನ್ನೊಂದು, ‘ಇದರೊಂದಿಗೆ ಪೂರ್ತಿ ಲೆಕ್ಕ ಚುಕ್ತಾ’. ಒಪ್ಪಿದ ಭಾಗವನ್ನಷ್ಟೇ ಕಟ್ಟುವಾಗ ಹೀಗೆ ಬರೆದರೆ, ಅವರು ತಮ್ಮ ಹಕ್ಕು ಹೋದೀತೆಂದು ಹಣವನ್ನೇ ವಾಪಸ್ ಕಳಿಸಬಹುದು. ಆಗ ಸಲ್ಲಬೇಕಾದ ಹಣವೂ ಸಲ್ಲದೆ ಉಳಿಯುತ್ತದೆ.

ಹೇಳದೆ ಕೇಳದೆ ಮುಂದಿನ ಬಿಲ್‌ನಲ್ಲಿ 6,600 ಮುರಿದುಕೊಳ್ಳುವುದೂ ಬೇಡ. ಒಂದು ಬಿಲ್‌ನ ಜಗಳ ಎರಡು ಬಿಲ್‌ಗೆ ಹರಡಿದರೆ ಬಿಡಿಸುವವರಿಲ್ಲ.

ಅವರು 200ರಲ್ಲಿ 150 ಪ್ರತಿ ಮಾತ್ರ ಕೆಟ್ಟಿವೆ ಎಂದು ತೋರಿಸಿದರೆ, ಮತ್ತೆ ಅದೇ ಲೆಕ್ಕ: 50 ಪ್ರತಿಯ 1,000, ತೆರಿಗೆ 100. ಆ 1,100 ಅನ್ನು ಕೂಡಲೇ ಕಟ್ಟಿ, ತಕರಾರು 5,500ಕ್ಕೆ ಇಳಿದಿದೆ ಎಂದು ಬರೆದು ತಿಳಿಸಿ. ಕ್ರೆಡಿಟ್ ನೋಟ್ ಬಂದಾಗ ಅದರಲ್ಲಿ ತೆರಿಗೆಯೂ ಇಳಿದಿದೆಯೇ ನೋಡಿ. ಬಿಲ್ 118ರ ಬಾಕಿ ಸೊನ್ನೆ ಎಂದು ತೋರಿಸುವ ಖಾತೆ ವಿವರವನ್ನೂ ಕೇಳಿ ಪಡೆದು, ಪತ್ರದ ಜೊತೆ ಫೈಲಿಗೆ ಸೇರಿಸಿ.